ಹಣ್ಣಿನ ವಾಸನೆ ಬಂತೆಂದು ಬರೆಯುವ ಮೊದಲು

ಎರಡನೇ ಪಿಯುಸಿಯ ರಸಾಯನಶಾಸ್ತ್ರದ ರೆಕಾರ್ಡ್ ಪುಸ್ತಕಗಳನ್ನು ಬಹಳ ವರ್ಷ ತಿದ್ದಿದವನು ನಾನು. ಆಲ್ಕೊಹಾಲ್ ಪರೀಕ್ಷೆಯ ಪುಟ ಬಂದರೆ ಹೆಚ್ಚುಕಡಿಮೆ ಎಲ್ಲರದ್ದೂ ಒಂದೇ ವಾಕ್ಯ: ಹಣ್ಣಿನ ಸುವಾಸನೆ ಬಂತು, ಎಸ್ಟರ್ ಉಂಟಾಗಿದೆ. ನಿಜಕ್ಕೂ ನಿಮ್ಮ ಮೂಗಿಗೆ ಏನು ಬಂತು ಮಕ್ಕಳೇ ಎಂದು ಪಕ್ಕಕ್ಕೆ ಕರೆದು ಕೇಳಿದರೆ, ಅರ್ಧಕ್ಕರ್ಧ ಮಂದಿ ವಿನೆಗರ್ ಎನ್ನುತ್ತಾರೆ, ಕೆಲವರು ಉಗುರುಬಣ್ಣ ಅಳಿಸುವ ದ್ರವ ಎನ್ನುತ್ತಾರೆ. ಅವರ ಮೂಗು ಸರಿಯಾಗಿಯೇ ಕೆಲಸ ಮಾಡಿದೆ. ಪ್ರಣಾಳದಲ್ಲಿ ಉಳಿದಿರುವ ಅಸಿಟಿಕ್ ಆಸಿಡ್ಡೇ ಮೊದಲು ಮೂಗಿಗೆ ಹೊಡೆಯುವುದು. ಎಥನಾಲಿನಿಂದ ಹುಟ್ಟುವ ಈಥೈಲ್ ಅಸಿಟೇಟ್ ಎಂಬ ಎಸ್ಟರ್ ಉಗುರುಬಣ್ಣ ಅಳಿಸುವ ಎಷ್ಟೋ ದ್ರವಗಳಲ್ಲಿ ಇರುವ ವಸ್ತುವೇ. ಜೊತೆಗೆ ಅದು ನೂರು ಮಿಲಿ ನೀರಿನಲ್ಲಿ ಎಂಟು ಗ್ರಾಮಿನಷ್ಟು ಕರಗಿಬಿಡುತ್ತದೆ. ಕೊನೆಯಲ್ಲಿ ಪ್ರಣಾಳವನ್ನು ನೀರಿಗೆ ಸುರಿದಾಗ ಹುಟ್ಟಿದ ಸ್ವಲ್ಪ ಎಸ್ಟರೂ ನೀರಿನಲ್ಲೇ ಅಡಗಿಹೋಗುತ್ತದೆ. ಕಣ್ಣಿಗೆ ಕಾಣಲು ಏನೂ ಉಳಿಯುವುದಿಲ್ಲ.

ಆದ್ದರಿಂದ ಲ್ಯಾಬಿನಲ್ಲಿ ಅವಕಾಶವಿದ್ದರೆ ಎಥನಾಲ್ ಬಿಟ್ಟು ಐಸೊಅಮೈಲ್ ಆಲ್ಕೊಹಾಲ್ ಕೇಳಿ ತೆಗೆದುಕೊಳ್ಳಿ. ಬಾಟಲಿಯ ಮೇಲೆ 3-ಮೀಥೈಲ್ ಬ್ಯೂಟನ್-1-ಆಲ್ ಎಂದೂ ಇರಬಹುದು, ಎರಡೂ ಒಂದೇ. ಐದು ಇಂಗಾಲದ ಆಲ್ಕೊಹಾಲ್ ಇದು, ವಾಸನೆ ಖಾರ, ನೇರವಾಗಿ ಮೂಸಿದರೆ ಕೆಮ್ಮು ಬರುತ್ತದೆ. ಹಾಲಿನ ಡೈರಿಯಲ್ಲಿ ಕೆಲಸ ಮಾಡುವವರು ನಿಮ್ಮ ಮನೆಯಲ್ಲಿದ್ದರೆ ಅವರಿಗೆ ಇದರ ಪರಿಚಯ ಇದ್ದೇ ಇರುತ್ತದೆ. ಗರ್ಬರ್ ವಿಧಾನದಲ್ಲಿ ಹಾಲಿನ ಜಿಡ್ಡು ಅಳೆಯುವಾಗ ಗಂಧಕಾಮ್ಲ ಮತ್ತು ಹಾಲಿನ ಜೊತೆಗೆ ಬ್ಯೂಟಿರೋಮೀಟರಿಗೆ ಒಂದು ಮಿಲಿ ಹಾಕುವ ಅಮೈಲ್ ಆಲ್ಕೊಹಾಲ್ ಇದೇ. ಸಕ್ಕರೆ ಕಾರ್ಖಾನೆಯ ಕಾಕಂಬಿಯನ್ನು ಹುಳಿಯಿಸಿ ಮದ್ಯಸಾರ ತೆಗೆಯುವ ಡಿಸ್ಟಿಲರಿಗಳಲ್ಲಿ ಫ್ಯೂಸೆಲ್ ಎಣ್ಣೆ ಎಂಬ ಉಳಿಕೆ ಸಿಗುತ್ತದೆ. ಅದರಲ್ಲಿ ಹೆಚ್ಚಿನ ಪಾಲು ಇದೇ ಆಲ್ಕೊಹಾಲ್. ಯೀಸ್ಟು ಲ್ಯೂಸಿನ್ ಎಂಬ ಅಮೈನೊ ಆಮ್ಲವನ್ನು ಒಡೆದು ಇದನ್ನು ಮಾಡುತ್ತದೆ. ಬಾಳೆಹಣ್ಣು ಮಾಗುವಾಗಲೂ ಲ್ಯೂಸಿನ್ನಿನಿಂದಲೇ ಈ ಆಲ್ಕೊಹಾಲ್ ಹುಟ್ಟಿ, ಅಲ್ಲಿಂದ ಎಸ್ಟರ್ ಆಗುತ್ತದೆ. ಹಣ್ಣಿನೊಳಗೆ ಕಿಣ್ವ ಮಾಡುವ ಕೆಲಸವನ್ನು ನಾವು ಗಂಧಕಾಮ್ಲ ಮತ್ತು ಬಿಸಿಯಿಂದ ಮಾಡಿಸುತ್ತೇವೆ.

CH₃COOH + C₅H₁₁OH ⇌ CH₃COOC₅H₁₁ + H₂O

ಬಲಗಡೆ ಬಂದಿರುವುದು ಐಸೊಅಮೈಲ್ ಅಸಿಟೇಟ್. ನೂರು ಮಿಲಿ ನೀರಿನಲ್ಲಿ ಸುಮಾರು 0.2 ಗ್ರಾಂ ಮಾತ್ರ ಕರಗುತ್ತದೆ, ನೀರಿಗಿಂತ ಹಗುರ. ಹೀಗಾಗಿ ಅದು ಮೇಲೆ ತೇಲುತ್ತದೆ, ಕಣ್ಣಿಗೂ ಸಿಗುತ್ತದೆ ಮೂಗಿಗೂ ಸಿಗುತ್ತದೆ.

ಮೊದಲು ಪ್ರಣಾಳದಲ್ಲೇ ಮಾಡಿ, ಆದರೆ ಒಂದೇ ಪ್ರಣಾಳ ಸಾಲದು, ಮೂರು ಬೇಕು. ಮೊದಲನೆಯದಕ್ಕೆ ಒಂದು ಮಿಲಿ ಐಸೊಅಮೈಲ್ ಆಲ್ಕೊಹಾಲ್, ಒಂದೂವರೆ ಮಿಲಿ ಗ್ಲೇಶಿಯಲ್ ಅಸಿಟಿಕ್ ಆಸಿಡ್, ಆಮೇಲೆ ಐದು ಹನಿ ಸಾಂದ್ರ ಗಂಧಕಾಮ್ಲ. ಗಂಧಕಾಮ್ಲ ಯಾವಾಗಲೂ ಕೊನೆಗೆ, ಒಂದೊಂದೇ ಹನಿ, ಪ್ರತಿ ಹನಿಗೂ ಪ್ರಣಾಳ ಅಲುಗಿಸುತ್ತಾ. ಎರಡನೆಯದಕ್ಕೆ ಅದೇ ಆಲ್ಕೊಹಾಲ್, ಅದೇ ಆಸಿಡ್, ಗಂಧಕಾಮ್ಲ ಮಾತ್ರ ಬೇಡ. ಮೂರನೆಯದಕ್ಕೆ ಒಂದು ಮಿಲಿ ಆಲ್ಕೊಹಾಲಿಗೆ ಒಂದೂವರೆ ಮಿಲಿ ನೀರು, ಅಷ್ಟೇ. ಮೂರನ್ನೂ ಒಂದೇ ಬೀಕರಿನ ಬಿಸಿನೀರಿನಲ್ಲಿ ನಿಲ್ಲಿಸಿ, ನೀರು 80 ಡಿಗ್ರಿಯ ಆಸುಪಾಸಿನಲ್ಲಿರಲಿ, ಹತ್ತು ನಿಮಿಷ ಬಿಡಿ. ನೀರನ್ನು ಬೇರೆ ಕಡೆ ಕಾಯಿಸಿ ತಂದು ಸುರಿದುಕೊಳ್ಳುವುದು ಒಳ್ಳೆಯದು. ಪ್ರಣಾಳವನ್ನು ಬರ್ನರಿನ ಜ್ವಾಲೆಗೆ ಮಾತ್ರ ಹಿಡಿಯಬೇಡಿ. ಜ್ವಾಲೆ ತಗುಲಿದರೆ ಹತ್ತಿಕೊಳ್ಳುವಷ್ಟು ಎಸ್ಟರಿನ ಆವಿ ಏಳಲು ನಮ್ಮ ಊರುಗಳ ಬೇಸಿಗೆಯ ಮಧ್ಯಾಹ್ನದ ಸೆಕೆಯೇ ಸಾಕು. ಕಣ್ಣಿಗೆ ಕನ್ನಡಕ ಇರಲಿ. ಗಂಧಕಾಮ್ಲ ಕೈಗೆ ಬಿದ್ದರೆ ಯಾರನ್ನೂ ಕೇಳುತ್ತಾ ನಿಲ್ಲದೆ ನಲ್ಲಿಯ ಕೆಳಗೆ ಹಿಡಿದು ಧಾರಾಳವಾಗಿ ತೊಳೆಯಿರಿ, ಹೇಳುವುದು ಆಮೇಲೆ.

ಹತ್ತು ನಿಮಿಷವಾದ ತಕ್ಷಣ ಮೂಸಬೇಡಿ. ನಾನು ಈ ಬರಹ ಬರೆಯುತ್ತಿರುವುದೇ ಈ ಒಂದು ಹಂತಕ್ಕಾಗಿ. ಈ ಹೊತ್ತಿನಲ್ಲಿ ಮೊದಲನೇ ಪ್ರಣಾಳದಲ್ಲಿ ಎಸ್ಟರಿನ ಜೊತೆಗೆ ಉಳಿದ ಅಸಿಟಿಕ್ ಆಸಿಡ್ಡೂ ಉಳಿದ ಆಲ್ಕೊಹಾಲೂ ಇವೆ. ಎರಡಕ್ಕೂ ಕಟುವಾಸನೆ. ಅವನ್ನು ತೆಗೆಯದೆ ಮೂಸಿದರೆ ನಿಮಗೆ ಸಿಗುವುದು ಮೂರರ ಗೊಂದಲ. ಮೂರು 250 ಮಿಲಿ ಬೀಕರುಗಳಲ್ಲಿ ತಲಾ 50 ಮಿಲಿ ನೀರಿಗೆ ಮೂರು ಗ್ರಾಂ ಅಡುಗೆ ಸೋಡಾ ಕರಗಿಸಿಟ್ಟುಕೊಳ್ಳಿ. ಪ್ರಣಾಳ ತಣ್ಣಗಾದ ಮೇಲೆ ಒಂದೊಂದನ್ನು ಒಂದೊಂದು ಬೀಕರಿಗೆ ನಿಧಾನವಾಗಿ ಸುರಿಯಿರಿ. ಮೊದಲೆರಡರಲ್ಲಿ ನೊರೆ ಏಳುತ್ತದೆ. ಅದು ಆಸಿಡ್ ಸೋಡಾದ ಜೊತೆ ಸೇರಿ ಬಿಡುವ ಕಾರ್ಬನ್ ಡೈಆಕ್ಸೈಡ್. ಬೀಕರ್ ದೊಡ್ಡದಿರಲಿ ಎಂದದ್ದು ಈ ನೊರೆಗಾಗಿಯೇ. ಆಸಿಡ್ಡು ಸೋಡಿಯಂ ಅಸಿಟೇಟ್ ಆಗಿ ನೀರಿಗೆ ಇಳಿಯಿತು, ಅದಕ್ಕೆ ಇನ್ನು ವಾಸನೆಯಿಲ್ಲ. ಆಲ್ಕೊಹಾಲೂ ಬಹುಪಾಲು ನೀರಿನಲ್ಲಿ ಕರಗಿತು. ಕರಗದೆ ಉಳಿಯುವುದು ಎಸ್ಟರ್.

ಈಗ ನೋಡಿ. ಮೊದಲನೇ ಬೀಕರಿನ ಮೇಲ್ಮೈಯಲ್ಲಿ ಬೆಳಕಿಗೆ ಅಡ್ಡಹಿಡಿದರೆ ಮಿನುಗುವ ಎಣ್ಣೆಯಂಥ ಹನಿಗಳು ಒಂದಕ್ಕೊಂದು ಕೂಡಿಕೊಳ್ಳುತ್ತಿರುತ್ತವೆ. ಉಳಿದೆರಡರಲ್ಲಿ ಅಂಥ ಪದರ ಇರುವುದಿಲ್ಲ, ಇದ್ದರೂ ತೆಳುವಾದ ಪೊರೆಯಷ್ಟೇ. ಬೀಕರಿನ ಬಾಯಿಗೆ ಮೂಗಿಡದೆ, ಅಂಗೈಯಿಂದ ಗಾಳಿಯನ್ನು ನಿಮ್ಮ ಕಡೆ ಬೀಸಿಕೊಂಡು ಮೂಸಿ. ಮೊದಲನೆಯದರಲ್ಲಿ ಬಾಳೆಹಣ್ಣಿನ ಪೆಪ್ಪರ್‌ಮಿಂಟ್ ಚೀಲ ಬಿಚ್ಚಿದ ವಾಸನೆ ಬರುತ್ತದೆ. ಪೆಪ್ಪರ್‌ಮಿಂಟ್ ಎಂದೆ, ಹಣ್ಣು ಎನ್ನಲಿಲ್ಲ. ಮಾಗಿದ ಏಲಕ್ಕಿ ಬಾಳೆಯಲ್ಲಿ ಇನ್ನೂ ಅನೇಕ ವಾಸನೆಯ ವಸ್ತುಗಳು ಕೂಡಿರುತ್ತವೆ, ಇದು ಅದರಲ್ಲಿ ಎದ್ದು ಕೇಳುವ ಒಂದು ಮಾತ್ರ. ಮೂರನೆಯದರಲ್ಲಿ ಖಾರದ ಆಲ್ಕೊಹಾಲ್ ವಾಸನೆ ಹಾಗೇ ಇರುತ್ತದೆ. ಎರಡನೆಯದರಲ್ಲೂ ಹೆಚ್ಚಿಗೆ ಅದೇ, ಆದರೆ ಚುರುಕು ಮೂಗಿನವರಿಗೆ ಅದರ ಹಿಂದೆ ಬಾಳೆಯ ಸುಳಿವು ಸಿಗಬಹುದು. ಸಿಕ್ಕರೆ ಅದನ್ನೂ ಬರೆಯಿರಿ. ಗಂಧಕಾಮ್ಲ ಇಲ್ಲದೆಯೂ ಈ ಕ್ರಿಯೆ ನಡೆಯುತ್ತದೆ, ನಿಧಾನವಾಗಿ. ವೇಗವರ್ಧಕ ಎಂಬ ಪದದ ಅರ್ಥ ಪುಸ್ತಕದಲ್ಲಿ ಓದಿದ್ದಕ್ಕಿಂತ ಈ ಎರಡು ಬೀಕರುಗಳ ನಡುವೆ ಚೆನ್ನಾಗಿ ತಿಳಿಯುತ್ತದೆ.

ಮೂಸುವುದರಲ್ಲೂ ಒಂದು ಎಚ್ಚರ ಬೇಕು. ಹತ್ತು ನಿಮಿಷ ಇದೇ ವಾಸನೆಯ ಕೋಣೆಯಲ್ಲಿದ್ದ ಮೂಗು ದಣಿಯುತ್ತದೆ, ಇದ್ದದ್ದೂ ಇಲ್ಲ ಅನ್ನಿಸುತ್ತದೆ. ಕಾರ್ಖಾನೆಗಳಲ್ಲಿ ವಿಷಗಾಳಿಗೆ ತೊಡುವ ಮುಖವಾಡ ಮುಖಕ್ಕೆ ಸರಿಯಾಗಿ ಕೂತಿದೆಯೇ ಎಂದು ಪರೀಕ್ಷಿಸಲು ಈ ಐಸೊಅಮೈಲ್ ಅಸಿಟೇಟನ್ನೇ ಬಳಸುತ್ತಾರೆ. ಒಳಗೆ ಬಾಳೆಯ ವಾಸನೆ ಬಂದರೆ ಮುಖವಾಡ ಸೋರುತ್ತಿದೆ ಎಂದರ್ಥ. ಅಲ್ಲಿಯೂ ದ್ರಾವಣ ತಯಾರಿಸುವ ಕೋಣೆ ಬೇರೆ, ಪರೀಕ್ಷೆಯ ಕೋಣೆ ಬೇರೆ ಇರಬೇಕೆಂಬ ನಿಯಮವಿದೆ. ಪರೀಕ್ಷೆಗೆ ಬರುವವನ ಮೂಗು ಮೊದಲೇ ದಣಿದಿರಬಾರದು. ನೀವೂ ಹಾಗೇ ಮಾಡಿ. ಬೀಕರುಗಳ ಮೇಲೆ ಗುರುತಿನ ಸಂಖ್ಯೆ ಮಾತ್ರ ಬರೆದು, ಪಕ್ಕದ ಫಿಸಿಕ್ಸ್ ಲ್ಯಾಬಿನಿಂದ ಒಬ್ಬರನ್ನು ಕರೆದು, ಏನನ್ನೂ ಹೇಳದೆ ಮೂಸಲು ಕೊಡಿ. ಅವರು ಹೇಳಿದ ಮಾತನ್ನೇ ರೆಕಾರ್ಡಿಗೆ ಬರೆಯಿರಿ. ಎಸ್ಟರ್ ಪರೀಕ್ಷೆಯಲ್ಲಿ ಹಣ್ಣಿನ ವಾಸನೆ ಬರಬೇಕೆಂದು ಮೊದಲೇ ಗೊತ್ತಿರುವ ನಿಮ್ಮ ಮೂಗಿಗಿಂತ ಅವರದ್ದು ನಂಬಲರ್ಹ.

ಪ್ರಣಾಳದ ಪರೀಕ್ಷೆ ಇಷ್ಟಕ್ಕೆ ಮುಗಿಯಿತು. ಎಸ್ಟರನ್ನು ಶೀಶೆಯಲ್ಲಿ ತುಂಬುವಷ್ಟು ಮಾಡಬೇಕೆಂಬ ಆಸೆ ಬಂದರೆ, ಕ್ರಿಯೆ ಎಲ್ಲಿಯವರೆಗೆ ಹೋಗುತ್ತದೆ, ಎಲ್ಲಿ ನಿಲ್ಲುತ್ತದೆ ಎಂದು ಮೊದಲು ಲೆಕ್ಕ ಹಾಕಿಕೊಳ್ಳಬೇಕು. ಸಮೀಕರಣದಲ್ಲಿ ಎರಡು ಕಡೆಗೂ ಬಾಣ ಹಾಕಿದ್ದೇನಲ್ಲ, ಅದರ ಹಿಂದೆ ದೊಡ್ಡ ಶ್ರಮವಿದೆ. ಫ್ರಾನ್ಸಿನಲ್ಲಿ ಬೆರ್ತೆಲೊ ಮತ್ತು ಪೆಯಾಂ ದ ಸ್ಯಾಂ-ಜಿಲ್ ಎಂಬಿಬ್ಬರು 1862ರ ಸುಮಾರಿಗೆ ಅಸಿಟಿಕ್ ಆಸಿಡ್ ಮತ್ತು ಎಥನಾಲನ್ನು ಸಮಪ್ರಮಾಣದಲ್ಲಿ ಬೆರೆಸಿಟ್ಟು, ಕಾಲಕಾಲಕ್ಕೆ ಎಷ್ಟು ಆಸಿಡ್ ಉಳಿದಿದೆ ಎಂದು ಅಳೆದರು. ಮೂರರಲ್ಲಿ ಎರಡು ಪಾಲು ಎಸ್ಟರ್ ಆದ ಮೇಲೆ ಅದು ಮುಂದೆ ಹೋಗಲಿಲ್ಲ. ಎಸ್ಟರನ್ನೂ ನೀರನ್ನೂ ಬೆರೆಸಿ ಶುರುಮಾಡಿದರೂ ಅದು ಹಿಂದಕ್ಕೆ ಸರಿದು ಅದೇ ಜಾಗಕ್ಕೆ ಬಂದು ನಿಂತಿತು. ನಾವು ಸಮತೋಲನ ಎನ್ನುವ ವಿಷಯ ರಸಾಯನಶಾಸ್ತ್ರದಲ್ಲಿ ನೆಲೆಯೂರಲು ಈ ಅಳತೆಗಳು ದೊಡ್ಡ ಆಧಾರವಾದವು. ಗಂಧಕಾಮ್ಲ ಹಾಕಿದರೆ ಆ ಜಾಗಕ್ಕೆ ಬೇಗ ತಲುಪುತ್ತೀರಿ. ಕೆಲವು ಹನಿಗಳಿಂದ ಆ ಜಾಗವೇನೂ ಮುಂದೆ ಸರಿಯುವುದಿಲ್ಲ.

ಮುಂದೆ ಸರಿಸುವ ದಾರಿ ಬೇರೆ. ಎರಡರಲ್ಲಿ ಅಗ್ಗದ್ದನ್ನು ಹೆಚ್ಚು ಹಾಕುವುದು. ನಮ್ಮಲ್ಲಿ ಅಗ್ಗ ಅಸಿಟಿಕ್ ಆಸಿಡ್. ಅದು ಉಳಿದರೂ ಸೋಡಾದಿಂದ ತೊಳೆದು ತೆಗೆಯುವುದು ಸುಲಭ. ಉಳಿದ ಆಲ್ಕೊಹಾಲನ್ನು ಹಾಗೆ ತೆಗೆಯಲಾಗದು. 8.8 ಗ್ರಾಂ ಐಸೊಅಮೈಲ್ ಆಲ್ಕೊಹಾಲ್ ತೆಗೆದುಕೊಳ್ಳಿ, ಅಳತೆಯಲ್ಲಿ ಸುಮಾರು 11 ಮಿಲಿ. ಅದು ಒಂದು ಮೋಲಿನ ಹತ್ತನೇ ಒಂದು ಪಾಲು. ಅಸಿಟಿಕ್ ಆಸಿಡ್ 15 ಗ್ರಾಂ, ಅಂದರೆ ಸುಮಾರು 14.3 ಮಿಲಿ. ಇದು ಆಲ್ಕೊಹಾಲಿನ ಎರಡೂವರೆ ಪಟ್ಟು ಮೋಲು. ಸಮತೋಲನದ ಸ್ಥಿರಾಂಕ ಹತ್ತಿರ ಹತ್ತಿರ 4 ಎಂದು ಇಟ್ಟುಕೊಂಡು, ಆಲ್ಕೊಹಾಲಿನಲ್ಲಿ x ಪಾಲು ಎಸ್ಟರ್ ಆಯಿತೆಂದರೆ:

x² ÷ [(1 − x)(2.5 − x)] = 4

ಬಿಡಿಸಿದರೆ x ಸುಮಾರು 0.88 ಬರುತ್ತದೆ. ಸಮಪ್ರಮಾಣದಲ್ಲಿ 0.67ಕ್ಕೆ ನಿಲ್ಲುತ್ತಿದ್ದದ್ದು ಇಲ್ಲಿಯವರೆಗೆ ಬಂತು. ಎಲ್ಲ ಆಲ್ಕೊಹಾಲೂ ಎಸ್ಟರ್ ಆಗಿದ್ದರೆ 13 ಗ್ರಾಂ ಸಿಗಬೇಕಿತ್ತು, ಈ ಲೆಕ್ಕದಲ್ಲಿ 11.4 ಗ್ರಾಂ. ತೊಳೆಯುವಾಗ, ಬಟ್ಟಿ ಇಳಿಸುವಾಗ, ಗಾಜಿನ ಗೋಡೆಗೆ ಅಂಟಿಕೊಂಡು ಇನ್ನಷ್ಟು ಹೋಗುತ್ತದೆ. ಕೊನೆಗೆ ಶೀಶೆಗೆ 9 ಗ್ರಾಂ ಬಂದರೆ ಶೇಕಡಾ 69 ಇಳುವರಿ, ಒಳ್ಳೆಯ ಕೆಲಸ. 13 ಗ್ರಾಂ ಬಂತೆಂದು ಯಾರಾದರೂ ತೋರಿಸಿದರೆ ಅದರಲ್ಲಿ ನೀರೋ ಆಲ್ಕೊಹಾಲೋ ಸೇರಿದೆ ಎಂದೇ ತಿಳಿಯಿರಿ.

ಈ ಪ್ರಮಾಣದ ಕೆಲಸವನ್ನು ಅಧ್ಯಾಪಕರು ಪಕ್ಕದಲ್ಲಿದ್ದಾಗ ಮಾತ್ರ ಮಾಡಿ. ಆಲ್ಕೊಹಾಲನ್ನೂ ಅಸಿಟಿಕ್ ಆಸಿಡ್ಡನ್ನೂ ಗುಂಡುತಳದ ಫ್ಲಾಸ್ಕಿಗೆ ಹಾಕಿ, ತಣ್ಣೀರಿನಲ್ಲಿ ಫ್ಲಾಸ್ಕನ್ನು ಇಟ್ಟುಕೊಂಡು ಎರಡೂವರೆ ಮಿಲಿ ಗಂಧಕಾಮ್ಲವನ್ನು ಹನಿಹನಿಯಾಗಿ, ಆಡಿಸುತ್ತಾ ಸೇರಿಸಿ. ಗಂಧಕಾಮ್ಲ ಭಾರ, ಆಡಿಸದಿದ್ದರೆ ತಳದಲ್ಲಿ ಹೋಗಿ ಕೂರುತ್ತದೆ. ಹಾಗೇ ಕಾಯಿಸಿದರೆ ಆ ಜಾಗದ ಆಲ್ಕೊಹಾಲ್ ಸುಟ್ಟು ಕರಿಯಾಗುತ್ತದೆ. ಕಾಯಿಸಿದ ಮೇಲೆ ದ್ರವ ಚಹಾದ ಬಣ್ಣಕ್ಕೆ ತಿರುಗಿದರೆ ಚಿಂತೆಯಿಲ್ಲ, ಇದ್ದಿಲಿನಂತೆ ಕಪ್ಪಾದರೆ ಸರಿಯಾಗಿ ಬೆರೆಸಿಲ್ಲ ಎಂದು ಗೊತ್ತಾಗುತ್ತದೆ. ಪಿಂಗಾಣಿಯ ಒಂದೆರಡು ಚೂರನ್ನು ಕಾಯಿಸುವ ಮೊದಲೇ ಹಾಕಿ. ಮರೆತುಹೋಗಿ ಬಿಸಿ ದ್ರವಕ್ಕೆ ಹಾಕಿದರೆ ಒಮ್ಮೆಲೇ ಉಕ್ಕಿ ಕಂಡೆನ್ಸರಿನ ತುದಿಯಿಂದ ಹಾರುತ್ತದೆ. ಮರೆತಿದ್ದರೆ ಪೂರ್ತಿ ತಣ್ಣಗಾಗಲು ಬಿಡಿ, ಆಮೇಲೆ ಹಾಕಿ.

ಫ್ಲಾಸ್ಕಿನ ಮೇಲೆ ಕಂಡೆನ್ಸರನ್ನು ನೇರವಾಗಿ ನಿಲ್ಲಿಸಿ, ನೀರು ಕೆಳಗಿನ ಮೂತಿಯಿಂದ ಒಳಬಂದು ಮೇಲಿನಿಂದ ಹೊರಹೋಗಲಿ. ಕಂಡೆನ್ಸರಿನ ಮೇಲಿನ ಬಾಯಿ ತೆರೆದಿರಬೇಕು, ಅದಕ್ಕೆ ಬಿರಟೆ ಹಾಕಿದರೆ ಒತ್ತಡ ಏರಿ ಗಾಜು ಒಡೆಯುತ್ತದೆ. ಹೀಟಿಂಗ್ ಮ್ಯಾಂಟಲ್ ಇಲ್ಲದಿದ್ದರೆ ವಿದ್ಯುತ್ ಒಲೆಯ ಮೇಲೆ ಮರಳಿನ ತಟ್ಟೆ ಸಾಕು. ಒಂದು ಗಂಟೆ ಕುದಿಯಲಿ. ಆವಿ ಮೇಲೇರಿ, ತಣಿದು, ಹನಿಯಾಗಿ ಮತ್ತೆ ಫ್ಲಾಸ್ಕಿಗೇ ಬೀಳುತ್ತಿರಬೇಕು. ಹನಿ ಕಂಡೆನ್ಸರಿನ ಕೆಳಗಿನ ಮೂರನೇ ಒಂದು ಭಾಗದಲ್ಲೇ ಉರುಳುತ್ತಿದ್ದರೆ ಬಿಸಿ ಸರಿಯಿದೆ. ಲ್ಯಾಬಿನಲ್ಲೆಲ್ಲ ಬಾಳೆಯ ವಾಸನೆ ಹಬ್ಬಿದರೆ ಎಸ್ಟರ್ ಕೈತಪ್ಪಿ ಹೋಗುತ್ತಿದೆ, ಬಿಸಿ ಇಳಿಸಿ.

ಇಲ್ಲೊಂದು ವಿಷಯ ಹೇಳದೆ ಮುಂದೆ ಹೋಗಲಾರೆ. ಹುಟ್ಟುವ ನೀರಿನ ಆಕ್ಸಿಜನ್ ಯಾರದ್ದು, ಆಸಿಡ್ಡಿನದೋ ಆಲ್ಕೊಹಾಲಿನದೋ? ಕಾಗದದ ಮೇಲೆ ಹೇಗೆ ಬರೆದರೂ ಸರಿಹೋಗುತ್ತದೆ. 1938ರಲ್ಲಿ ಅಮೆರಿಕದ ರಾಬರ್ಟ್ಸ್ ಮತ್ತು ಯೂರೇ ಎಂಬವರು ಭಾರವಾದ ಆಕ್ಸಿಜನ್-18 ಹೆಚ್ಚಿಗೆ ಇದ್ದ ಮೆಥನಾಲನ್ನು ಬೆಂಜೋಯಿಕ್ ಆಸಿಡ್ ಜೊತೆ ಕ್ರಿಯೆಗೆ ಬಿಟ್ಟರು. ಹುಟ್ಟಿದ ನೀರಿನಲ್ಲಿ ಭಾರದ ಆಕ್ಸಿಜನ್ ಹೆಚ್ಚಿರಲಿಲ್ಲ, ಅದು ಎಸ್ಟರಿನಲ್ಲೇ ಉಳಿದಿತ್ತು. ಅಂದರೆ OH ಬಿಟ್ಟುಕೊಟ್ಟದ್ದು ಆಸಿಡ್, ಆಲ್ಕೊಹಾಲ್ ಕೊಟ್ಟದ್ದು H ಮಾತ್ರ. ನಿಮ್ಮ ಫ್ಲಾಸ್ಕಿನಲ್ಲೂ ನಡೆಯುತ್ತಿರುವುದು ಇದೇ.

ತಣ್ಣಗಾದ ದ್ರವವನ್ನು ಸೆಪರೇಟಿಂಗ್ ಫನಲಿಗೆ ಸುರಿದು 25 ಮಿಲಿ ತಣ್ಣೀರು ಹಾಕಿ ಆಡಿಸಿ, ನಿಲ್ಲಿಸಿ. ಎರಡು ಪದರ ಬರುತ್ತವೆ. ಈ ಜಾಗದಲ್ಲಿ ಮಕ್ಕಳು ಕಳೆದುಕೊಳ್ಳುವಷ್ಟು ಎಸ್ಟರನ್ನು ಬೇರೆಲ್ಲೂ ಕಳೆದುಕೊಳ್ಳುವುದಿಲ್ಲ. ಯಾವುದು ನೀರು, ಯಾವುದು ಎಸ್ಟರ್ ಎಂಬ ಗಡಿಬಿಡಿಯಲ್ಲಿ ಬೇಕಾದ ಪದರವೇ ಸಿಂಕಿಗೆ ಹೋಗುತ್ತದೆ. ಎಸ್ಟರಿನ ಸಾಂದ್ರತೆ 0.87ರಷ್ಟು, ಅದು ಮೇಲಿರಬೇಕು. ಆದರೂ ಪುಸ್ತಕ ನಂಬಿ ಚೆಲ್ಲಬೇಡಿ, ಫನಲಿನ ಬಾಯಿಂದ ಒಂದು ಹನಿ ನೀರು ಬಿಟ್ಟು ನೋಡಿ. ಹನಿ ಮೇಲಿನ ಪದರವನ್ನು ದಾಟಿ ಕೆಳಗಿಳಿದು ಕೆಳಗಿನದರಲ್ಲಿ ಕರಗಿಹೋದರೆ ಕೆಳಗಿನದು ನೀರು. ಬಿಡಿಸಿದ ಪ್ರತಿ ಪದರವನ್ನೂ ಬೇರೆ ಬೇರೆ ಬೀಕರಿನಲ್ಲಿ ಹೆಸರು ಬರೆದು ಇಟ್ಟುಕೊಳ್ಳಿ. ಎಸ್ಟರ್ ಶೀಶೆ ಸೇರುವವರೆಗೂ ಯಾವುದನ್ನೂ ಚೆಲ್ಲಬೇಡಿ.

ಆಮೇಲೆ ಶೇಕಡಾ ಐದರ ಸೋಡಾ ದ್ರಾವಣದಿಂದ ಎರಡು ಸಲ ತೊಳೆಯಿರಿ, ಸಲಕ್ಕೆ 12 ಮಿಲಿಯಂತೆ. ಇಲ್ಲಿ ಅನಿಲ ಹುಟ್ಟುತ್ತದೆ, ಬಿರಟೆ ಹಾಕಿದ ಫನಲಿನೊಳಗೆ ಒತ್ತಡ ಏರುತ್ತದೆ. ಮೊದಲು ಬಿರಟೆ ಹಾಕದೆ, ಮೆಲ್ಲಗೆ ತಿರುಗಿಸುತ್ತಾ ನೊರೆ ಇಳಿಯಲು ಬಿಡಿ. ಆಮೇಲೆ ಬಿರಟೆ ಹಾಕಿ, ಅದರ ಮೇಲೆ ಅಂಗೈ ಒತ್ತಿ, ಫನಲನ್ನು ತಲೆಕೆಳಗು ಮಾಡಿ. ಕೊಳವೆಯ ತುದಿ ಯಾರ ಮುಖದ ಕಡೆಗೂ ಇರಬಾರದು. ತಕ್ಷಣ ಸ್ಟಾಪ್‌ಕಾಕ್ ತಿರುಗಿಸಿ ಗಾಳಿ ಬಿಡಿ. ಒಂದು ಆಡಿಸಾಟ, ಒಮ್ಮೆ ಗಾಳಿ ಬಿಡುವುದು. ಹೊರಬರುವ ಶಬ್ದ ಕಡಿಮೆಯಾಗುತ್ತಾ ಹೋಗಿ ನಿಂತಾಗ, ಆಸಿಡ್ಡೋ ಸೋಡಾವೋ ಮುಗಿದಿದೆ ಎಂದು ಅರ್ಥ. ಕೊನೆಯ ಸೋಡಾ ನೀರಿನ ಒಂದು ಹನಿ ನೀಲಿ ಲಿಟ್ಮಸ್ಸನ್ನು ಕೆಂಪು ಮಾಡಬಾರದು, ಮಾಡಿದರೆ ಸೋಡಾದಿಂದ ಮತ್ತೆ ತೊಳೆಯಿರಿ. ಕೆಲವೊಮ್ಮೆ ಎರಡು ಪದರಗಳ ನಡುವೆ ಕಡೆದ ಮಜ್ಜಿಗೆಯಂಥ ಬಿಳಿ ನೊರೆ ನಿಂತುಬಿಡುತ್ತದೆ. ಆಗ ಉಪ್ಪಿನ ಗಟ್ಟಿ ದ್ರಾವಣ ಹಾಕಿ ತಿರುಗಿಸಿ, ಬಿಟ್ಟುಬಿಡಿ, ಒಡೆಯುತ್ತದೆ. ಉಪ್ಪುನೀರಿನ ತೊಳೆತ ಹೇಗೂ ಒಂದು ಸಲ ಬೇಕು, ಎಸ್ಟರಿನಲ್ಲಿ ಕರಗಿರುವ ನೀರನ್ನು ಅದು ಎಳೆದುಕೊಳ್ಳುತ್ತದೆ. ಉಳಿದ ತೇವಕ್ಕೆ ನೀರಿಲ್ಲದ ಸೋಡಿಯಂ ಸಲ್ಫೇಟ್ ಹಾಕಿ ಹದಿನೈದು ನಿಮಿಷ ಬಿಡಿ. ಮೋಡದಂತೆ ಮಬ್ಬಾಗಿದ್ದ ದ್ರವ ಸ್ವಚ್ಛವಾಗುತ್ತದೆ. ಹಾಕಿದ ಪುಡಿಯೆಲ್ಲ ಗಂಟುಕಟ್ಟಿ ತಳಕ್ಕೆ ಅಂಟಿದ್ದರೆ ನೀರು ಇನ್ನೂ ಇದೆ, ಇನ್ನಷ್ಟು ಹಾಕಿ. ಒಂದಿಷ್ಟು ಪುಡಿ ಸಡಿಲವಾಗಿ ಆಡುತ್ತಿರಬೇಕು.

ಸೋಸಿ ಬಟ್ಟಿ ಇಳಿಸುವಾಗ ಥರ್ಮಾಮೀಟರಿನ ಬುರುಡೆ ಫ್ಲಾಸ್ಕಿನ ಪಕ್ಕದ ಕೊಳವೆಯ ಬಾಯಿಗೆ ಸ್ವಲ್ಪ ಕೆಳಗೆ ಇರಲಿ. ಮೇಲೆ ಇಟ್ಟರೆ ಆವಿ ಅದನ್ನು ಮುಟ್ಟದೆಯೇ ಹೋಗುತ್ತದೆ, ಕಡಿಮೆ ಡಿಗ್ರಿ ತೋರಿಸುತ್ತದೆ. ಪುಸ್ತಕ ಹೇಳುವ ಕುದಿಬಿಂದು 142 ಡಿಗ್ರಿ. ಮಂಗಳೂರಿನ ಮಕ್ಕಳಿಗೆ ಅಷ್ಟೇ ಕಾಣುತ್ತದೆ. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರ್ ಮೇಲಿದೆ, ಗಾಳಿಯ ಒತ್ತಡ ಕಡಿಮೆ. ಅಲ್ಲಿ ನೀರೇ 97 ಡಿಗ್ರಿಗೆ ಕುದಿಯುತ್ತದೆ, ನಿಮ್ಮ ಎಸ್ಟರ್ 138ರ ಆಸುಪಾಸಿನಲ್ಲಿ ಬರುತ್ತದೆ. ಮಡಿಕೇರಿಯಲ್ಲಿ ಇನ್ನೂ ಸ್ವಲ್ಪ ಕೆಳಗೆ. ಅದನ್ನು ತಪ್ಪೆಂದು ಅಳಿಸಿ 142 ಎಂದು ತಿದ್ದಬೇಡಿ, ನಿಮ್ಮೂರಿನ ಗಾಳಿಯ ಒತ್ತಡವನ್ನು ಥರ್ಮಾಮೀಟರ್ ಸರಿಯಾಗಿಯೇ ಓದಿದೆ. ಮೊದಲು ಬರುವ ಹನಿಗಳು ಮಬ್ಬಾಗಿದ್ದರೆ ಅದರಲ್ಲಿ ನೀರಿದೆ, ಉಳಿದ ಆಲ್ಕೊಹಾಲೂ ಇದೆ. ಅವನ್ನು ಬೇರೆ ಪ್ರಣಾಳದಲ್ಲಿ ಹಿಡಿಯಿರಿ. ಡಿಗ್ರಿ ಏರಿ ಒಂದೆಡೆ ನಿಂತ ಮೇಲೆ ಬರುವ ಸ್ವಚ್ಛ ದ್ರವವನ್ನೇ ತೂಕ ಮಾಡಿದ ಶೀಶೆಗೆ ಹಿಡಿಯಿರಿ. ಪೂರ್ತಿ ಒಣಗುವವರೆಗೆ ಕಾಯಿಸಬೇಡಿ, ಒಂದು ಮಿಲಿ ಉಳಿದಾಗ ನಿಲ್ಲಿಸಿ.

ಈ ಎಸ್ಟರಿನ ಅಣುತೂಕ 130. ಅಷ್ಟೇ ಪರಮಾಣುಗಳು, ಅದೇ C₇H₁₄O₂ ಸೂತ್ರ ಇರುವ ಹೆಪ್ಟನೋಯಿಕ್ ಆಸಿಡ್ ಎಂಬುದೊಂದಿದೆ, ಅದು ಕುದಿಯುವುದು 223 ಡಿಗ್ರಿಗೆ. ಆಸಿಡ್ಡಿನಲ್ಲಿ OH ಇದೆ, ಅಣುಗಳು ಹೈಡ್ರೋಜನ್ ಬಂಧದಿಂದ ಒಂದನ್ನೊಂದು ಹಿಡಿದುಕೊಂಡಿರುತ್ತವೆ. ಎಸ್ಟರಿನಲ್ಲಿ OH ಇಲ್ಲ, ಹಿಡಿತ ಸಡಿಲ. ಆದ್ದರಿಂದಲೇ ಅದು ಕೋಣೆಯ ಬಿಸಿಯಲ್ಲೇ ಆವಿಯಾಗಿ ಮೂಗಿನವರೆಗೆ ಬರುತ್ತದೆ.

ನಿಮ್ಮ ಶೀಶೆಯಲ್ಲಿರುವುದು ಎಸ್ಟರೇ ಎಂದು ಖಚಿತಪಡಿಸಿಕೊಳ್ಳಲು ಹಿಂದಕ್ಕೂ ನಡೆಸಿ ನೋಡಿ. ಒಂದು ಮಿಲಿ ಎಸ್ಟರಿಗೆ ಐದು ಮಿಲಿ ಶೇಕಡಾ ಹತ್ತರ ಸೋಡಿಯಂ ಹೈಡ್ರಾಕ್ಸೈಡ್, ಎರಡೂ ಬೆರೆಯಲು ಸ್ವಲ್ಪ ಎಥನಾಲ್ ಸೇರಿಸಿ, ಬಿಸಿನೀರಿನಲ್ಲಿಟ್ಟು ಆಗಾಗ ಆಡಿಸುತ್ತಿರಿ. ಬಾಳೆಯ ವಾಸನೆ ಇಳಿಯುತ್ತಾ ಬಂದು, ಖಾರದ ಆಲ್ಕೊಹಾಲ್ ವಾಸನೆ ಏಳುತ್ತದೆ. ಈ ದಿಕ್ಕಿನಲ್ಲಿ ಅರ್ಧಕ್ಕೆ ನಿಲ್ಲುವುದಿಲ್ಲ. ಬಿಡುಗಡೆಯಾದ ಆಸಿಡ್ ಸೋಡಿಯಂ ಅಸಿಟೇಟ್ ಆಗಿಬಿಡುವುದರಿಂದ ಮತ್ತೆ ಆಲ್ಕೊಹಾಲನ್ನು ಹಿಡಿಯಲು ಅದಕ್ಕೆ ದಾರಿಯಿಲ್ಲ. ತಯಾರಿಸಿದ್ದನ್ನು ಯಾರೂ ನಾಲಿಗೆಗೆ ಮುಟ್ಟಿಸಬೇಡಿ, ಅಂಗಡಿಯ ಎಸೆನ್ಸಿನ ವಾಸನೆಯೇ ಆದರೂ ನಮ್ಮದು ಲ್ಯಾಬಿನ ಗಾಜಿನಲ್ಲಿ ಹುಟ್ಟಿದ್ದು. ಪ್ಲಾಸ್ಟಿಕ್ ಡಬ್ಬಿಯಲ್ಲೂ ಇಡಬೇಡಿ, ಎಷ್ಟೋ ಪ್ಲಾಸ್ಟಿಕ್ಕನ್ನು ಇದು ಮೆತ್ತಗೆ ಮಾಡಿ ಕರಗಿಸುತ್ತದೆ.

ಇನ್ನೊಂದನ್ನು ಮುಖ್ಯವಾಗಿ ಮಲೆನಾಡಿನ ಮತ್ತು ಮರಗಿಡಗಳ ನಡುವಿನ ಶಾಲೆಗಳ ಮಕ್ಕಳಿಗೆ ಹೇಳಬೇಕು. ಜೇನ್ನೊಣ ಚುಚ್ಚಿದಾಗ ಅದರ ಕೊಂಡಿಯ ಬಳಿಯಿಂದ ಹೊರಡುವ, ಉಳಿದ ನೊಣಗಳನ್ನು ಎಬ್ಬಿಸಿ ದಾಳಿಗೆ ಕರೆಯುವ ವಾಸನೆಯಲ್ಲಿ ಐಸೊಅಮೈಲ್ ಅಸಿಟೇಟ್ ಮುಖ್ಯವಾದದ್ದು. 1962ರಲ್ಲಿ ವಿಜ್ಞಾನಿಗಳು ಇದನ್ನು ಗುರುತಿಸಿ ಪ್ರಕಟಿಸಿದರು. ನಮ್ಮ ಕಟ್ಟಡಗಳ ಸಜ್ಜಾದ ಕೆಳಗೆ, ಹಿತ್ತಲಿನ ಎತ್ತರದ ಮರಗಳಲ್ಲಿ ಹೆಜ್ಜೇನು ಕಟ್ಟುವುದು ಹೊಸದೇನಲ್ಲ. ಶಾಲೆಯ ಆವರಣದಲ್ಲಿ ಹುಟ್ಟು ಇದ್ದರೆ ಅದು ಎದ್ದುಹೋಗುವವರೆಗೆ ಈ ಪ್ರಯೋಗವನ್ನು ಮುಂದಕ್ಕೆ ಹಾಕಿ. ಇಲ್ಲದಿದ್ದರೂ ತೊಳೆದ ನೀರು, ಉಳಿದ ಎಸ್ಟರ್, ಒರೆಸಿದ ಬಟ್ಟೆ ಯಾವುದನ್ನೂ ಲ್ಯಾಬಿನ ಹಿಂದಿನ ಗಿಡದ ಬುಡಕ್ಕೆ ಎಸೆಯಬೇಡಿ. ಸಾವಯವ ದ್ರವಗಳನ್ನು ತುಂಬಿಡುವ ಮುಚ್ಚಳದ ಬಾಟಲಿಗೆ ಅವನ್ನು ಹಾಕಿ ಅಧ್ಯಾಪಕರಿಗೆ ಒಪ್ಪಿಸಿ. ಅಂಗಿಯ ತೋಳಿಗೆ ಹನಿ ಬಿದ್ದಿದ್ದರೆ ಅಲ್ಲೇ ಸೋಪು ಹಾಕಿ ತೊಳೆಯಿರಿ, ಕೈಯನ್ನೂ ಮೊಣಕೈವರೆಗೆ ತೊಳೆದುಕೊಂಡು, ಆಮೇಲೆ ಮೈದಾನಕ್ಕೆ ಹೋಗಿ.